ಗುಳಿಗೆಗೆ ಮುಂಚಿನ ರಕ್ತ

ಮೂತ್ರಪಿಂಡ ಕಸಿಯಾಗಿ ನಾಲ್ಕು ತಿಂಗಳಾದ ಒಬ್ಬರನ್ನು ಊಹಿಸಿಕೊಳ್ಳಿ. ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ತಪಾಸಣೆಗೆ ಬಂದಿದ್ದಾರೆ. ದಾರಿಯಲ್ಲಿ ಎಂಟು ಗಂಟೆಯಾಯಿತು. ಔಷಧಿಯ ಹೊತ್ತು ತಪ್ಪಬಾರದೆಂದು ಹೇಳಿದ್ದು ನೆನಪಾಗಿ ಟ್ಯಾಕ್ರೋಲಿಮಸ್ ಗುಳಿಗೆ ನುಂಗಿದರು. ಲ್ಯಾಬಿನಲ್ಲಿ ರಕ್ತ ಕೊಟ್ಟಾಗ ಹತ್ತು ಗಂಟೆಗೆ ಕಾಲು ಗಂಟೆ ಬಾಕಿ. ಸಂಜೆ ಬಂದ ವರದಿಯಲ್ಲಿ 18.6 ಎಂದಿತ್ತು. ಅವರಿಗೆ ವೈದ್ಯರು ಇಟ್ಟಿದ್ದ ಗುರಿ 6ರಿಂದ 10.

ಕಸಿ ಮಾಡಿದ ಮೂತ್ರಪಿಂಡ ದೇಹಕ್ಕೆ ಹೊರಗಿನದು. ರೋಗನಿರೋಧಕ ಶಕ್ತಿ ಅದರ ಮೇಲೆ ಬೀಳದಂತೆ ತಡೆಯುವುದು ಟ್ಯಾಕ್ರೋಲಿಮಸ್ ಕೆಲಸ. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ 1984ರಲ್ಲಿ ಸಿಕ್ಕ ಔಷಧಿ ಇದು. ತೊಂದರೆಯೆಂದರೆ, ಸಾಲುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಕಡಿಮೆಯಾದರೆ ದೇಹ ಕಸಿಯನ್ನು ತಿರಸ್ಕರಿಸಬಹುದು. ಹೆಚ್ಚಾದರೆ ಕೈ ನಡುಗುತ್ತದೆ, ಸಕ್ಕರೆ ಏರುತ್ತದೆ, ಕಾಪಾಡಬೇಕಾದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಎರಡರಲ್ಲೂ ಕ್ರಿಯಾಟಿನಿನ್ ಏರುವುದರಿಂದ, ಅದೊಂದನ್ನೇ ನೋಡಿ ತಪ್ಪು ಯಾವ ಕಡೆಯದೆಂದು ಹೇಳಲಾಗದು. ಅದಕ್ಕೇ ರಕ್ತದಲ್ಲಿರುವ ಔಷಧಿಯನ್ನು ಅಳೆಯುತ್ತಾರೆ. ಅಳತೆ ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು. ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ.

ಆದರೆ ಯಾವ ಹೊತ್ತಿನ ರಕ್ತ? ಮನೆ ಮೇಲಿನ ಟ್ಯಾಂಕನ್ನು ನೆನೆಯಿರಿ. ದಿನಕ್ಕೆರಡು ಸಲ ನೀರು ಬಿಡುತ್ತಾರೆ. ಬಿಟ್ಟ ಕೂಡಲೇ ಇಣುಕಿದರೆ ಟ್ಯಾಂಕು ತುಂಬಿಯೇ ಇರುತ್ತದೆ. ಅದರಿಂದ ಏನೂ ತಿಳಿಯದು. ಮುಂದಿನ ಸಲ ನೀರು ಬರುವ ಮುಂಚೆ ತಳದಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ ಮನೆಗೆ ನೀರು ಸಾಲುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ತಳಮಟ್ಟಕ್ಕೇ ಆಸ್ಪತ್ರೆಯಲ್ಲಿ ಟ್ರಫ್ ಲೆವೆಲ್ ಎನ್ನುತ್ತಾರೆ.

ಸಾಮಾನ್ಯ ಟ್ಯಾಕ್ರೋಲಿಮಸ್ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಸರ್ರನೆ ಏರಿ, ಆಮೇಲೆ ಇಳಿಯುತ್ತದೆ. ಆ ಏರಿಳಿತದ ನಡುವೆ ಅರ್ಧ ಗಂಟೆ ಆಚೀಚೆಯಾದರೂ ಅಂಕಿ ಬಹಳ ಬದಲಾಗುತ್ತದೆ. ಹನ್ನೆರಡನೆಯ ಗಂಟೆಯ ಹೊತ್ತಿಗೆ ಇಳಿಜಾರು ಸಪಾಟಾಗಿರುತ್ತದೆ. ಆಗ ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ ಲೆಕ್ಕಕ್ಕೆ ಬಾರದು, ಈ ತಿಂಗಳ ಅಂಕಿಯನ್ನು ಹೋದ ತಿಂಗಳದ್ದರೊಡನೆ ಹೋಲಿಸಬಹುದು. ರಾತ್ರಿ ಎಂಟಕ್ಕೆ ನುಂಗಿದವರು ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಟ್ಟು, ಆಮೇಲೆ ಗುಳಿಗೆ ತೆಗೆದುಕೊಳ್ಳಬೇಕು. ಹನ್ನೊಂದಕ್ಕೆ ಕೊಟ್ಟರೆ ಹದಿನೈದು ಗಂಟೆಯಾಗಿ ಅಂಕಿ ಇಳಿದು ಕಾಣುತ್ತದೆ. ದಿನಕ್ಕೊಂದೇ ಸಲ ನುಂಗುವ ಬಗೆಯ ಗುಳಿಗೆಯಾದರೆ ಇಪ್ಪತ್ತನಾಲ್ಕು ಗಂಟೆಯ ಅಂತರ ಬೇಕು.

ನಮ್ಮ ತುಮಕೂರಿನವರ ವಿಷಯಕ್ಕೆ ಬರೋಣ. ವರದಿ ನೋಡಿದ ವೈದ್ಯರು ಮೊದಲು ಅವರ ಎರಡೂ ಕೈ ಚಾಚಿಸಿದರು. ನಡುಕವಿಲ್ಲ. ಕ್ರಿಯಾಟಿನಿನ್ ಹಿಂದಿನಂತೆಯೇ 1.2.

“ಇವತ್ತು ಗುಳಿಗೆ ಎಷ್ಟೊತ್ತಿಗೆ ತಗೊಂಡ್ರಿ?”

“ಎಂಟಕ್ಕೇ ಸಾರ್, ಒಂದು ನಿಮಿಷನೂ ತಪ್ಪಿಸಿಲ್ಲ.”

ಅಲ್ಲಿಗೆ ಗುಟ್ಟು ಬಯಲಾಯಿತು. ಎರಡು ದಿನ ಬಿಟ್ಟು, ಗುಳಿಗೆಗೆ ಮುಂಚೆ ಮತ್ತೆ ರಕ್ತ ತೆಗೆಸಿದರು. ಬಂದದ್ದು 7.4. ಮೊದಲ ಅಂಕಿ ನಂಬಿ ಔಷಧಿಯನ್ನು ಅರ್ಧಕ್ಕೆ ಇಳಿಸಿದ್ದರೆ ತಳಮಟ್ಟ ನಾಲ್ಕರ ಒಳಗೆ ಹೋಗುತ್ತಿತ್ತು. ಕಸಿ ಅಪಾಯಕ್ಕೆ ಸಿಲುಕುತ್ತಿತ್ತು.

ಹೊತ್ತು ಸರಿಯಿದ್ದೂ ಅಂಕಿ ಏರಿದರೆ ಕಾರಣ ಬೇರೆಡೆ ಹುಡುಕಬೇಕು. ಟ್ಯಾಕ್ರೋಲಿಮಸ್ಸನ್ನು ಕರುಳು ಮತ್ತು ಯಕೃತ್ತಿನ ಕಿಣ್ವಗಳು ಒಡೆಯುತ್ತವೆ. ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಆ ಕಿಣ್ವಗಳನ್ನು ಕಟ್ಟಿಹಾಕಿ ಮಟ್ಟ ಏರಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅವನ್ನು ಚುರುಕುಗೊಳಿಸಿ ಮಟ್ಟ ಇಳಿಸುತ್ತದೆ. ದೇವನಹಳ್ಳಿಯ ಹೆಸರಾಂತ ಚಕ್ಕೋತವೂ ಇಲ್ಲಿ ನಿರಪಾಯವಲ್ಲ: ಆ ಜಾತಿಯ ಹಣ್ಣಿನಲ್ಲಿರುವ ಅಂಶಗಳು ಕರುಳಿನ ಕಿಣ್ವವನ್ನು ತಡೆದು ಮಟ್ಟ ಏರಿಸಬಲ್ಲವು. ನಾಲ್ಕು ದಿನ ಭೇದಿಯಾದರೂ ಅಂಕಿ ಏರುವುದುಂಟು.

ಪ್ರಮಾಣ ಬದಲಿಸಿದ ಮರುದಿನವೇ ಅಳೆಯುವುದರಿಂದಲೂ ಸರಿಯಾದ ಚಿತ್ರ ಸಿಗದು. ರಕ್ತದ ಮಟ್ಟ ಹೊಸ ಪ್ರಮಾಣಕ್ಕೆ ಹೊಂದಿಕೊಳ್ಳಲು ಎರಡು ಮೂರು ದಿನ ಹಿಡಿಯುತ್ತದೆ. ಇನ್ನು, ಸರಿಯಾದ ತಳಮಟ್ಟ ಕೂಡ ಇಡೀ ಕಥೆ ಹೇಳದು. ತಳದಲ್ಲಿ ಒಂದೇ ಅಂಕಿಯಿರುವ ಇಬ್ಬರಿಗೆ ದಿನವಿಡೀ ದೊರೆಯುವ ಒಟ್ಟು ಔಷಧಿ ಬೇರೆ ಬೇರೆಯಾಗಿರಬಹುದು. ಅದಕ್ಕೇ ವೈದ್ಯರು ಕೈನಡುಕವನ್ನೂ ಕ್ರಿಯಾಟಿನಿನ್ನನ್ನೂ ಜೊತೆಗಿಟ್ಟು ಓದುತ್ತಾರೆ.

ತುಮಕೂರಿನವರು ಈಗ ತಪಾಸಣೆಯ ದಿನ ಗುಳಿಗೆಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ಲ್ಯಾಬಿನ ಚೀಟಿಯ ಮೇಲೆ ಹಿಂದಿನ ರಾತ್ರಿ ನುಂಗಿದ ಹೊತ್ತು, ಈಗ ರಕ್ತ ಕೊಟ್ಟ ಹೊತ್ತು ಎರಡನ್ನೂ ಬರೆಸುತ್ತಾರೆ. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ಹೊರಬಂದ ಮೇಲೆ ನೀರಿನ ಬಾಟಲಿ ತೆರೆಯುತ್ತಾರೆ.