ಅಲ್ಲ, ಇಲ್ಲ ಮತ್ತು ಸ್ಪ್ಯಾನಿಷ್‌ನ ಎರಡು ‘ಇರು’ಗಳು

ಉತ್ತರದಿಂದ ಬೆಂಗಳೂರಿಗೆ ಬಂದು, ಪಾಪ, ಕಷ್ಟಪಟ್ಟು ಕನ್ನಡ ಕಲಿಯುತ್ತಿರುವವರು ಕೆಲವೊಮ್ಮೆ ‘ನಾನು ಡಾಕ್ಟರ್ ಇಲ್ಲ’ ಅನ್ನುತ್ತಾರೆ. ಅರ್ಥವಾಗುತ್ತದೆ, ಆದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ‘ಡಾಕ್ಟರ್ ಅಲ್ಲ’ ಅನ್ನಬೇಕು, ‘ಮನೆಯಲ್ಲಿ ಇಲ್ಲ’ ಅನ್ನಬೇಕು. ಹಿಂದಿಯಲ್ಲಿ ಎರಡಕ್ಕೂ ‘ನಹೀಂ’ ಒಂದೇ ಸಾಕಾಗುವುದರಿಂದ ಅವರಿಗೆ ಈ ಗೆರೆ ಕಾಣುವುದಿಲ್ಲ. ನಮಗೆ ಅದು ಎಷ್ಟು ಸಹಜವೆಂದರೆ, ಅಂಥದೊಂದು ಗೆರೆ ಇದೆ ಎಂಬುದೇ ಗೊತ್ತಿರುವುದಿಲ್ಲ.

ಸ್ಪ್ಯಾನಿಷ್ ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಎದುರಾಗುವ ಸೆರ್ ಮತ್ತು ಎಸ್ತಾರ್ ಎಂಬ ಜೋಡಿಯೂ ಹೆಚ್ಚುಕಡಿಮೆ ಇದೇ ಗೆರೆಯ ಆಚೆ ಈಚೆ ನಿಂತಿದೆ. ಇಂಗ್ಲಿಷ್‌ನ ಒಂದು ಕ್ರಿಯಾಪದದ ಕೆಲಸವನ್ನು ಇಲ್ಲಿ ಎರಡು ಹಂಚಿಕೊಂಡಿವೆ. ನಾವು ಇಂಗ್ಲಿಷ್ ಪುಸ್ತಕ ಹಿಡಿದು ಕಲಿಯುವುದರಿಂದ, ಇಂಗ್ಲಿಷಿನವರ ಗೊಂದಲವನ್ನೂ ಪುಸ್ತಕದ ಜೊತೆಗೇ ಕೊಂಡುತರುತ್ತೇವೆ.

ಮೊದಲು ರೂಪಗಳು. ಸೆರ್: ನಾನು ಸೋಯ್, ನೀನು ಎರೆಸ್, ಅವನು ಅಥವಾ ಅವಳು ಎಸ್, ನಾವು ಸೋಮೋಸ್, ಅವರು ಸೋನ್. ಎಸ್ತಾರ್: ಎಸ್ತೋಯ್, ಎಸ್ತಾಸ್, ಎಸ್ತಾ, ಎಸ್ತಾಮೋಸ್, ಎಸ್ತಾನ್. ಒಬ್ಬರನ್ನೇ ಗೌರವದಿಂದ ‘ನೀವು’ ಅನ್ನುವಾಗ ಎಸ್ ಮತ್ತು ಎಸ್ತಾ ರೂಪಗಳನ್ನೇ ಬಳಸಬೇಕು. ‘ತ’ ನಮ್ಮ ತಕಾರವೇ, ಟಕಾರವಲ್ಲ. ‘ಎಸ್ತಾ’ದ ಕೊನೆಯನ್ನು ಒತ್ತಿ ಹೇಳಿ, ಒತ್ತು ಮೊದಲಿಗೆ ಬಿದ್ದರೆ ಅದು ‘ಈ’ ಎಂಬ ಬೇರೆಯೇ ಪದವಾಗುತ್ತದೆ.

ಈಗ ಎರಡು ವಾಕ್ಯ. ‘ಮಿ ಎರ್ಮಾನೋ ಎಸ್ ಮೇದಿಕೋ’ ಅಂದರೆ ನನ್ನ ಅಣ್ಣ ಡಾಕ್ಟರ್. ‘ಮಿ ಎರ್ಮಾನೋ ಎಸ್ತಾ ಎನ್ ಕಾಸಾ’ ಅಂದರೆ ನನ್ನ ಅಣ್ಣ ಮನೆಯಲ್ಲಿದ್ದಾನೆ. ಕನ್ನಡದ ಮೊದಲ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ನಿಷೇಧಿಸಿದರೆ ‘ಅಲ್ಲ’ ಬರುತ್ತದೆ. ಅಲ್ಲಿ ಸೆರ್. ಎರಡನೆಯದರಲ್ಲಿ ‘ಇರು’ ಇದೆ, ನಿಷೇಧಿಸಿದರೆ ‘ಇಲ್ಲ’. ಅಲ್ಲಿ ಎಸ್ತಾರ್. ನಾನು ಮೈಸೂರಿನವಳು, ಇವತ್ತು ಸೋಮವಾರ, ಈಗ ಗಂಟೆ ಮೂರು, ಈ ಮೇಜು ಮರದ್ದು: ಹೆಸರು, ಊರು, ಕಸುಬು, ವಾರ, ಗಂಟೆ, ಯಾವುದರಿಂದ ಮಾಡಿದ್ದು ಎನ್ನುವುದೆಲ್ಲ ನಮ್ಮಲ್ಲಿ ‘ಅಲ್ಲ’ದ ಪಾಲು, ಅವರಲ್ಲಿ ಸೆರ್ ಪಾಲು.

ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂಬ ಸೂತ್ರವನ್ನು ಎಷ್ಟೋ ತರಗತಿಗಳಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಮ್ಯಾಡ್ರಿಡ್ ಸ್ಪೇನಿನಿಂದ ಎದ್ದು ಎಲ್ಲಿಗೂ ಹೋಗುವುದಿಲ್ಲ, ಆದರೂ ‘ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ’. ಸತ್ತವನು ಎದ್ದು ಬರುವುದಿಲ್ಲ, ಆದರೂ ‘ಎಸ್ತಾ ಮ್ವೆರ್ತೋ’. ಅತ್ತ ವಿದ್ಯಾರ್ಥಿ ಜೀವನ ನಾಲ್ಕು ದಿನದ್ದು, ಆದರೂ ‘ಸೋಯ್ ಎಸ್ತುದಿಯಾಂತೆ’. ಕಾಲದ ಲೆಕ್ಕಕ್ಕಿಂತ ಎಸ್ತಾರ್ ಪದದ ಹುಟ್ಟೇ ಹೆಚ್ಚು ಹೇಳುತ್ತದೆ. ಲ್ಯಾಟಿನ್‌ನಲ್ಲಿ ‘ನಿಲ್ಲು’ ಎಂಬ ಅರ್ಥದ ‘ಸ್ತಾರೆ’ಯಿಂದ ಅದು ಬಂದದ್ದು, ಸಂಸ್ಕೃತದ ‘ಸ್ಥಾ’ ಧಾತು ಅದರ ದಾಯಾದಿ. ಆ ಧಾತುವಿನಿಂದ ನಮಗೆ ಬಂದ ಸ್ಥಾನ, ಸ್ಥಿತಿ ಎಂಬ ಎರಡು ಪದಗಳೇ ಎಸ್ತಾರ್‌ನ ಮುಖ್ಯ ಕೆಲಸಗಳು. ಮ್ಯಾಡ್ರಿಡ್‌ನದು ಸ್ಥಾನ, ಸಾವು ಸ್ಥಿತಿ.

ಇಷ್ಟಾದರೂ ಒಂದು ವಾಕ್ಯ ಕಲಿಯುವವರನ್ನು ಕೆಡವುತ್ತದೆ: ‘ಲಾ ಬೋದಾ ಎಸ್ ಎನ್ ಎಲ್ ಓತೆಲ್’, ಮದುವೆ ಹೋಟೆಲಿನಲ್ಲಿ. ಸ್ಥಾನವಲ್ಲವೇ, ಎಸ್ತಾ ಏಕಿಲ್ಲ? ಸಭೆ, ಸಮಾರಂಭ ನಡೆಯುವ ಜಾಗಕ್ಕೆ ಸ್ಪ್ಯಾನಿಷ್ ಸೆರ್ ಬಳಸುತ್ತದೆ. ಇದನ್ನು ಅಪವಾದವೆಂದು ಉರು ಹೊಡೆಯುವ ಅಗತ್ಯ ನಮಗಿಲ್ಲ. ‘ಮದುವೆ ಎಲ್ಲಿ?’ ಎಂದು ಕೇಳುತ್ತೇವೆ, ‘ಪುಸ್ತಕ ಎಲ್ಲಿದೆ?’ ಎಂದು ಕೇಳುತ್ತೇವೆ. ಮದುಮಗ ಮಾತ್ರ ವಸ್ತುವಿನಂತೆ ಒಂದು ಕಡೆ ಇರುವವನು, ಆದ್ದರಿಂದ ‘ಎಲ್ ನೋಬಿಯೋ ಎಸ್ತಾ ಎನ್ ಎಲ್ ಓತೆಲ್’.

ಕನ್ನಡ ಕೈಕೊಡುವ ಜಾಗವೂ ಇದೆ. ಗುಣ ಹೇಳುವಾಗ ನಾವು ‘ಅವಳು ಎತ್ತರ ಇದ್ದಾಳೆ’, ‘ಎತ್ತರ ಇಲ್ಲ’ ಅನ್ನುತ್ತೇವೆ. ಇದನ್ನು ನಂಬಿ ಎಸ್ತಾ ಹಾಕಿದರೆ ತಪ್ಪು. ‘ಎಸ್ ಆಲ್ತಾ’ ಅನ್ನಬೇಕು. ಇಲ್ಲಿ ಅಲ್ಲ-ಇಲ್ಲ ಪರೀಕ್ಷೆ ಬಿಟ್ಟು ಪ್ರಶ್ನೆ ಕೇಳಿಕೊಳ್ಳಿ: ‘ಎಂಥವಳು?’ ಎಂಬುದಕ್ಕೆ ಉತ್ತರವೋ, ‘ಹೇಗಿದ್ದಾಳೆ?’ ಎಂಬುದಕ್ಕೋ? ಸ್ಪ್ಯಾನಿಷ್‌ನಲ್ಲೂ ‘ಕೋಮೋ ಎಸ್?’ ಅಂದರೆ ಎಂಥವಳು, ‘ಕೋಮೋ ಎಸ್ತಾ?’ ಅಂದರೆ ಹೇಗಿದ್ದಾಳೆ. ಎತ್ತರದವಳು ಎಂಬುದು ಎಂಥವಳು ಎಂಬುದಕ್ಕೆ ಉತ್ತರ. ದಣಿದಿದ್ದಾಳೆ ಎಂಬುದು ಹೇಗಿದ್ದಾಳೆ ಎಂಬುದಕ್ಕೆ. ರಜೆಗೆ ಬಂದ ಮೊಮ್ಮಗನನ್ನು ನೋಡಿ ಅಜ್ಜಿ ‘ಅಯ್ಯೋ, ಎಷ್ಟು ಉದ್ದ ಆಗಿಬಿಟ್ಟಿದ್ದೀಯ!’ ಅನ್ನುವಾಗ ಮಾತ್ರ ಸ್ಪೇನಿನ ಅಜ್ಜಿಯೂ ‘ಕೆ ಆಲ್ತೋ ಎಸ್ತಾಸ್!’ ಅನ್ನುತ್ತಾಳೆ. ಅವನ ಎತ್ತರವನ್ನು ಅವಳು ಊರವರ ಜೊತೆ ಹೋಲಿಸುತ್ತಿಲ್ಲ, ಹೋದ ವರ್ಷದ ಅವನ ಜೊತೆಗೇ ಹೋಲಿಸುತ್ತಿದ್ದಾಳೆ.

ಕೆಲವು ಗುಣಪದಗಳ ಅರ್ಥವೇ ಬದಲಾಗುತ್ತದೆ. ‘ಲಾ ಪ್ವೆರ್ತಾ ಎಸ್ ಬೆರ್ದೆ’, ಬಾಗಿಲು ಹಸಿರು ಬಣ್ಣದ್ದು. ‘ಎಲ್ ಮಾಂಗೋ ಎಸ್ತಾ ಬೆರ್ದೆ’, ಮಾವು ಇನ್ನೂ ಕಾಯಿ. ‘ಎಸ್ ಲಿಸ್ತೋ’ ಅಂದರೆ ಚುರುಕಿನವನು, ‘ಎಸ್ತಾ ಲಿಸ್ತೋ’ ಅಂದರೆ ಸಿದ್ಧನಾಗಿದ್ದಾನೆ. ಬೇಸರವಾಗಿದೆ ಎಂದು ಹೇಳಲು ಹೋಗಿ ‘ಸೋಯ್ ಅಬುರ್ರೀದೋ’ ಅಂದರೆ ‘ನಾನು ಬೋರು ಹೊಡೆಸುವ ಆಸಾಮಿ’ ಎಂದು ನೀವೇ ಒಪ್ಪಿಕೊಂಡಂತೆ. ‘ಎಸ್ತೋಯ್ ಅಬುರ್ರೀದೋ’ ಅನ್ನಿ.

ಮ್ಯಾಡ್ರಿಡ್‌ಗೆ ಬಂದಿಳಿದ ಸುಮಾ ಫೋನಿನಲ್ಲಿ ಹೀಗೆ ಹೇಳುತ್ತಾಳೆಂದುಕೊಳ್ಳಿ: ನಾನು ಸುಮಾ (ಸೋಯ್ ಸುಮಾ). ಮೈಸೂರಿನವಳು (ಸೋಯ್ ದೆ ಮೈಸೂರು). ಈಗ ಮ್ಯಾಡ್ರಿಡ್‌ನಲ್ಲಿದ್ದೇನೆ (ಎಸ್ತೋಯ್ ಎನ್ ಮಾದ್ರಿದ್). ದಣಿದಿದ್ದೇನೆ (ಎಸ್ತೋಯ್ ಕನ್ಸಾದಾ). ಹೋಟೆಲ್ ದೊಡ್ಡದು (ಎಲ್ ಓತೆಲ್ ಎಸ್ ಗ್ರಾಂದೆ). ಸೂಪು ತಣ್ಣಗಾಗಿದೆ (ಲಾ ಸೋಪಾ ಎಸ್ತಾ ಫ್ರೀಯಾ). ಮೀಟಿಂಗ್ ಇಲ್ಲೇ, ಹೋಟೆಲಿನಲ್ಲೇ (ಲಾ ರೆಉನ್ಯೋನ್ ಎಸ್ ಎನ್ ಎಲ್ ಓತೆಲ್). ಅವಳು ‘ಹಸಿವಿಲ್ಲ’, ‘ದುಡ್ಡಿಲ್ಲ’ ಎಂದರೆ ಈ ಎರಡೂ ಬೇಡ; ಅಲ್ಲಿ ‘ಹೊಂದಿರು’ ಎಂಬರ್ಥದ ತೆನೆರ್ ಬರುತ್ತದೆ. ಬರಿದೇ ‘ನೀರಿಲ್ಲ’ ಎಂದರೆ ‘ನೋ ಆಯ್ ಆಗ್ವಾ’. ನಮ್ಮ ‘ಇಲ್ಲ’ ಹೊರುವ ಭಾರ ಹೆಚ್ಚು.

ಈಗ ನೀವು. ಕೆಳಗಿನವುಗಳಿಗೆ ಎಸ್ ಬರಬೇಕೋ, ಎಸ್ತಾ ಬರಬೇಕೋ ಬರೆದುಕೊಂಡು ಆಮೇಲೆ ಉತ್ತರ ನೋಡಿ.

1. ಓಯ್ ___ ಲೂನೆಸ್. (ಇವತ್ತು ಸೋಮವಾರ.)
2. ದೋಂದೆ ___ ಎಲ್ ಬಾಂಕೋ? (ಬ್ಯಾಂಕು ಎಲ್ಲಿದೆ?)
3. ದೋಂದೆ ___ ಲಾ ಫಿಯೆಸ್ತಾ? (ಪಾರ್ಟಿ ಎಲ್ಲಿ?)
4. ಲಾ ಮೇಸಾ ___ ದೆ ಮಾದೇರಾ. (ಮೇಜು ಮರದ್ದು.)
5. ಲಾ ಬೆಂತಾನಾ ___ ಸೆರ್ರಾದಾ. (ಕಿಟಕಿ ಮುಚ್ಚಿದೆ.)
6. ಲಾ ಸೋಪಾ ___ ರೀಕಾ. (ಸೂಪು ರುಚಿಯಾಗಿದೆ.)

ಒಂದು, ಮೂರು, ನಾಲ್ಕಕ್ಕೆ ಎಸ್. ಎರಡು, ಐದು, ಆರಕ್ಕೆ ಎಸ್ತಾ. ಆರನೆಯದನ್ನು ಊಟದ ಮೇಜಿನಲ್ಲಿ ಧಾರಾಳವಾಗಿ ಹೇಳಿ, ಆದರೆ ಸೂಪಿನ ಬಗ್ಗೆ ಮಾತ್ರ. ಬಡಿಸಿದ ಮನೆಯೊಡತಿಯ ಬಗ್ಗೆ ‘ಎಸ್ ರೀಕಾ’ ಅಂದರೆ ಸಿರಿವಂತೆ ಎಂದಾಗುತ್ತದೆ; ‘ಎಸ್ತಾ ರೀಕಾ’ ಅಂದರೆ ಪೋಲಿ ಮಾತಾಗುತ್ತದೆ.