ಕಲ್ಲುಕಂಬದ ತಿರುಳು

ರಾಮನಗರ, ಮಾಗಡಿ ಸೀಮೆಯ ಗ್ರಾನೈಟ್ ಶಿಲೆಯನ್ನು ಭೂವಿಜ್ಞಾನಿಗಳು ಊರಿನ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುವರು. ಅದು ಅದುಮುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ಅಷ್ಟು ತಾಳದು. ಕಲ್ಲುಗಳನ್ನು ಗಾರೆಯಿಂದ ಪೇರಿಸಿದ ಕಂಬದ ಸಂದಿಗಂತೂ ಎಳೆತ ತಡೆಯುವ ಶಕ್ತಿಯೇ ಇಲ್ಲವೆನ್ನಬೇಕು. ಬೋದಿಗೆಯ ಒಂದೇ ತೋಳಿನ ಮೇಲೆ ತೊಲೆಯನ್ನು ಕೂರಿಸುವವರು ಇದನ್ನು ಅರಿತಿರಬೇಕು.

30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಅಡ್ಡಕೊಯ್ತವುಳ್ಳ ಗಿಡ್ಡ ಕಂಬದ ಮೇಲೆ 12,000 ಕಿ.ಗ್ರಾಂ. ಭಾರವಿರಲಿ. (ನೀಳವಾದ ಕಂಬ ತಾನೇ ಬಾಗುವುದರಿಂದ ಅದರ ಲೆಕ್ಕವೇ ಬೇರೆ.) ಭಾರವು ನಟ್ಟನಡುವೆ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ ಎಲ್ಲೆಡೆಯೂ 10 ಕಿ.ಗ್ರಾಂ. ಒತ್ತಡ. ಅಗಲದ ಕಡೆಗೆ e ಸೆಂ.ಮೀ. ಸರಿದರೆ ಹತ್ತಿರದ ಅಂಚಿನಲ್ಲಿ ಒತ್ತಡವು 10 × 6e/30 ರಷ್ಟು ಏರಿ, ಎದುರಂಚಿನಲ್ಲಿ ಅಷ್ಟೇ ಇಳಿಯುವುದು. e = 5 ಆದಾಗ ಒಂದಂಚಿನಲ್ಲಿ 20, ಇನ್ನೊಂದರಲ್ಲಿ ಸೊನ್ನೆ. ಅದೇ ಮೇರೆ, ಅಗಲದ ಆರನೆಯ ಒಂದು ಪಾಲು.

ಭಾರವು 10 ಸೆಂ.ಮೀ. ಸರಿಯಿತೆನ್ನಿ. ಎದುರಂಚಿನ ಸಂದು ಬಾಯ್ದೆರೆಯುವುದು. ಭಾರವೀಗ ಅಂಚಿನಿಂದ 5 ಸೆಂ.ಮೀ. ದೂರದಲ್ಲಿದೆ, ಅದರ ಮೂರು ಪಟ್ಟು, ಎಂದರೆ 15 ಸೆಂ.ಮೀ. ಮಾತ್ರ ಹೊರೆ ಹೊರುವುದು. ಅಂಚಿನ ಒತ್ತಡ 40ಕ್ಕೇರಿ, ಅಲ್ಲಿ ಚಕ್ಕೆ ಏಳತೊಡಗಬಹುದು.

ಉದ್ದದ ಕಡೆಗೆ ಮೇರೆ 6.7 ಸೆಂ.ಮೀ. ಆದರೆ ಸುರಕ್ಷಿತವಾದ ಈ ತಿರುಳು ಆಯತವಲ್ಲ, ನಾಲ್ಕು ಮೇರೆಗಳನ್ನು ಸೇರಿಸಿದ ವಜ್ರಾಕೃತಿ. ಎರಡೂ ಕಡೆಗೆ 4 ಸೆಂ.ಮೀ. ಸರಿದ ಭಾರವು ಬಿಡಿಬಿಡಿಯಾಗಿ ನೋಡಿದರೆ ಮೇರೆಯೊಳಗಿದೆ. ಎದುರಿನ ಮೂಲೆಯಲ್ಲಿ ಮಾತ್ರ 10ರಿಂದ 8, ಮತ್ತೆ 6 ಕಳೆದು, 4ರಷ್ಟು ಎಳೆತ ಉಳಿಯುತ್ತದೆ. ಸಂದು ಮೊದಲು ಬಿರಿಯುವುದು ಆ ಮೂಲೆಯಲ್ಲೇ.