ಒಳಗಿದ್ದವರು ಎದ್ದರಷ್ಟೇ ಕರಗುವ ಸರದಿ

2021ರ ಡಿಸೆಂಬರ್ 3ರಂದು ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ ತನ್ನ ಆನ್‌ಲೈನ್ ಆಟ ‘ಫೈನಲ್ ಫ್ಯಾಂಟಸಿ 14’ರ ಹೊಸ ಕಂತು ‘ಎಂಡ್‌ವಾಕರ್’ ಅನ್ನು ಮುಂಗಡವಾಗಿ ಕೊಂಡವರಿಗೆ ತೆರೆಯಿತು. ಆಡಲು ಬಂದವರಿಗೆ ಮೊದಲು ಕಂಡದ್ದು ಆಟವಲ್ಲ, ಸಾವಿರಗಳಲ್ಲಿದ್ದ ಸರದಿ ಸಂಖ್ಯೆ. ಜನ ಗಂಟೆಗಟ್ಟಲೆ ಕಾದರು. ಕೆಲವರನ್ನು ಕಾಯುತ್ತಿದ್ದಾಗಲೇ ‘ಎರರ್ 2002’ ಹೊರಗೆ ತಳ್ಳಿತು. ತಿಂಗಳ ಶುಲ್ಕ ಕಟ್ಟಿದವರಿಗೇ ಆಟದೊಳಗೆ ಜಾಗವಿರಲಿಲ್ಲ.

ಇಂಥ ಆಟದ ಲೋಕ ಒಂದೇ ಅಲ್ಲ. ಒಂದೇ ಬಗೆಯ ಹಲವು ಲೋಕಗಳಿರುತ್ತವೆ, ಪ್ರತಿ ಆಟಗಾರನ ಪಾತ್ರವೂ ಅವುಗಳಲ್ಲೊಂದರ ನಿವಾಸಿ. ಒಂದು ಲೋಕದಲ್ಲಿ ಯಾರು ಎಲ್ಲಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂಬುದನ್ನು ಸರ್ವರ್‌ಗಳು ಪ್ರತಿ ಕ್ಷಣ ಲೆಕ್ಕವಿಡಬೇಕು. ಜನ ಮಿತಿ ಮೀರಿದರೆ ಒಳಗಿದ್ದವರ ಆಟವೇ ತಡವರಿಸುತ್ತದೆ. ಹಾಗಾಗದಂತೆ ಪ್ರತಿ ಲೋಕಕ್ಕೂ ಒಂದು ಗರಿಷ್ಠ ಸಂಖ್ಯೆ ಇಡುತ್ತಾರೆ. ಅದು ತುಂಬಿದ ಮೇಲೆ ಮದುವೆ ಊಟದ ಪಂಕ್ತಿಯದೇ ನಿಯಮ: ಒಬ್ಬರು ಎದ್ದರೆ ಇನ್ನೊಬ್ಬರಿಗೆ ಎಲೆ. ಕಾಯುವ ಹೊತ್ತನ್ನು ನಿರ್ಧರಿಸುವುದು ಎಷ್ಟು ಜನ ಬಂದರು ಎಂಬುದೊಂದೇ ಅಲ್ಲ, ಒಳಗಿದ್ದವರು ಎಷ್ಟು ಬೇಗ ಹೊರಡುತ್ತಾರೆ ಎಂಬುದೂ ಹೌದು.

ಉದಾಹರಣೆಗೆ, ಒಂದು ಲೋಕದಲ್ಲಿ 5,000 ಜನರಿಗೆ ಜಾಗವಿದೆ, ಹೊರಗೆ 3,000 ಜನ ಕಾಯುತ್ತಿದ್ದಾರೆ ಎಂದುಕೊಳ್ಳೋಣ. ಒಬ್ಬೊಬ್ಬರು ಸರಾಸರಿ ನಾಲ್ಕು ಗಂಟೆ ಆಡಿದರೆ ಗಂಟೆಗೆ ಸುಮಾರು 1,250 ಜಾಗ ಖಾಲಿಯಾಗುತ್ತವೆ. ಕೊನೆಯವನಿಗೆ ಎರಡೂವರೆ ಗಂಟೆಯೊಳಗೆ ಪ್ರವೇಶ ಸಿಗುತ್ತದೆ. ಆದರೆ ಬಿಡುಗಡೆಯ ದಿನ ಜನ ರಜೆ ಹಾಕಿ ಎಂಟು ಗಂಟೆ ಕೂರುತ್ತಾರೆ. ಆಗ ಖಾಲಿಯಾಗುವ ಜಾಗ ಗಂಟೆಗೆ 625ಕ್ಕೆ ಇಳಿದು, ಅದೇ ಸರದಿ ಸುಮಾರು ಐದು ಗಂಟೆಯದಾಗುತ್ತದೆ. ಕಾಯುವ ಭಯ ಇದನ್ನು ಇನ್ನೂ ಬಿಗಡಾಯಿಸುತ್ತದೆ. ಹೊರಬಂದರೆ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕಲ್ಲ ಎಂದು ಊಟಕ್ಕೆ ಹೋಗುವವರೂ ಪಾತ್ರವನ್ನು ಆಟದೊಳಗೇ ನಿಲ್ಲಿಸಿ ಹೋಗುತ್ತಾರೆ. ಆಡದವರ ಪಾತ್ರಗಳು ಜಾಗ ಹಿಡಿದಷ್ಟೂ ಸರದಿ ಉದ್ದವಾಗುತ್ತದೆ, ಸರದಿ ಉದ್ದವಾದಷ್ಟೂ ಜಾಗ ಬಿಡಲು ಜನ ಹೆದರುತ್ತಾರೆ.

ಎರರ್ 2002ರ ಕಥೆ ಬೇರೆ. ಕಾಯುವವರನ್ನು ನೋಡಿಕೊಳ್ಳಲು ಲಾಬಿ ಸರ್ವರ್ ಎಂಬ ಯಂತ್ರವಿದೆ, ಅದಕ್ಕೂ ಮಿತಿಯಿದೆ. ಹಲವು ಲೋಕಗಳನ್ನು ಸೇರಿಸಿದ ಒಂದೊಂದು ಡೇಟಾ ಸೆಂಟರ್ ಗುಂಪಿಗೆ ಸರದಿಯ ಮಿತಿ 17,000 ಜನ ಎಂದು ಆಟದ ನಿರ್ಮಾಪಕ ನವೊಕಿ ಯೊಶಿದಾ ವಿವರಿಸಿದರು. ಅದನ್ನು ಮೀರಿ ಜನರನ್ನು ತೆಗೆದುಕೊಂಡು ಲಾಬಿಯೇ ಕುಸಿದರೆ ಸಾಲಿನಲ್ಲಿದ್ದ ಎಲ್ಲರ ಸ್ಥಾನವೂ ಹೋಗುತ್ತದೆ. ಸಾಲಿನಲ್ಲಿದ್ದವರ ಇಂಟರ್ನೆಟ್ ಸಂಪರ್ಕ ತಡವರಿಸಿದರೂ ಇದೇ ಎರರ್ ಬರುತ್ತಿತ್ತು. ಆದ್ದರಿಂದ ಸಂಖ್ಯೆ ನಿಧಾನವಾಗಿಯಾದರೂ ಇಳಿಯುತ್ತಿದ್ದರೆ ಲೋಕ ತುಂಬಿದೆ ಎಂದರ್ಥ. ಸಂಖ್ಯೆಯೇ ಕಾಣದೆ ಎರರ್ ಬಂದರೆ ತೊಂದರೆ ಲಾಬಿಯ ಬಾಗಿಲಲ್ಲೇ ಇರಬಹುದು. ಹೀಗೆ ಹೊರಬಿದ್ದವರು ತಡಮಾಡದೆ ಮತ್ತೆ ಲಾಗಿನ್ ಆದರೆ ಹಳೆಯ ಸ್ಥಾನ ಸಿಗುತ್ತಿತ್ತು. ಆದರೆ ಅದಕ್ಕಾಗಿ ಪರದೆಯ ಮುಂದೆಯೇ ಕಾವಲು ಕೂರಬೇಕಿತ್ತು.

ಹೊಸ ಸರ್ವರ್ ಕೊಂಡರಾಗದೆ? ಆ ವರ್ಷ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆಯಿತ್ತು, ಹಣ ಕೊಟ್ಟರೂ ಯಂತ್ರ ಸಿಗುತ್ತಿರಲಿಲ್ಲ. ಯಂತ್ರ ಸಿಕ್ಕರೂ ತುಂಬಿದ ಲೋಕ ಹಿಗ್ಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಲೋಕ ಹುಟ್ಟುತ್ತದೆ. ಗೆಳೆಯರನ್ನು ಬಿಟ್ಟು ಅಲ್ಲಿಗೆ ಹೋಗಲು ಎಲ್ಲರೂ ಒಪ್ಪುವುದಿಲ್ಲ. ಮೊದಲ ನೂಕುನುಗ್ಗಲು ಇಳಿದ ಮೇಲೆ ಅಂಥ ಲೋಕಗಳು ಭಣಗುಡುವುದೂ ಉಂಟು. ಅದೇ ವರ್ಷ ಬಂದ ಅಮೆಜಾನ್‌ನ ‘ನ್ಯೂ ವರ್ಲ್ಡ್’ ಆಟ ಸರದಿ ತಗ್ಗಿಸಲು ಹಲವು ಲೋಕಗಳನ್ನು ತೆರೆದು, ಜನ ಕಡಿಮೆಯಾದ ಮೇಲೆ ಅವುಗಳನ್ನು ಒಂದಕ್ಕೊಂದು ಸೇರಿಸಬೇಕಾಯಿತು.

ಹೀಗಾಗಿ ಸ್ಕ್ವೇರ್ ಎನಿಕ್ಸ್ ಇದ್ದ ಜಾಗವನ್ನೇ ಕಾಪಾಡಿಕೊಳ್ಳಬೇಕಾಯಿತು. 30 ನಿಮಿಷ ಸುಮ್ಮನಿದ್ದ ಪಾತ್ರವನ್ನು ತಾನಾಗಿ ಹೊರಕಳಿಸುವ ವ್ಯವಸ್ಥೆ ತಂದಿತು. ಉಚಿತವಾಗಿ ಆಡುವವರನ್ನು ದಟ್ಟಣೆಯ ಹೊತ್ತಿನಲ್ಲಿ ತಡೆಯಿತು. ಶುಲ್ಕ ಕಟ್ಟಿದವರಿಗೆ ಮೊದಲು 7 ದಿನ, ಆಮೇಲೆ ಇನ್ನೂ 14 ದಿನ ಉಚಿತವಾಗಿ ಕೊಟ್ಟಿತು. ಕೊನೆಗೆ ಡಿಸೆಂಬರ್‌ನಲ್ಲಿ ಆಟದ ಮಾರಾಟವನ್ನೇ ನಿಲ್ಲಿಸಿತು. ಮಾರಾಟ ಮತ್ತೆ ಶುರುವಾದದ್ದು 2022ರ ಜನವರಿ 25ರಂದು. ಅದೇ ಹೊತ್ತಿಗೆ ಓಷಿಯಾನಿಯಾದ ಆಟಗಾರರಿಗಾಗಿ ಹೊಸ ಡೇಟಾ ಸೆಂಟರ್ ಕೂಡ ತೆರೆಯಿತು.

ಇವುಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಮಾರಾಟ ನಿಲ್ಲಿಸಿದ ನಿರ್ಧಾರ. ಮೊದಲ ವಾರದ ಜಾತ್ರೆಗೆ ಸಾಕಾಗುವಷ್ಟು ಯಂತ್ರಗಳನ್ನು ವರ್ಷವಿಡೀ ಇಟ್ಟುಕೊಳ್ಳಿ ಎಂದು ಕೇಳುವುದು ಸರಿಯಲ್ಲ. ಸಾಲು ನಿಲ್ಲುವುದನ್ನು ಜನ ಸಹಿಸಿಯಾರು. ಆದರೆ ಸಂಪರ್ಕ ಕಡಿದರೆ ಸ್ಥಾನ ಕಳೆಯದಂತೆ ನೋಡಿಕೊಳ್ಳುವುದು, ಕಾಯಬೇಕಾದ ಹೊತ್ತನ್ನು ನಿಜವಾಗಿ ತಿಳಿಸುವುದು, ಕೂರಿಸಲು ಜಾಗವಿಲ್ಲದಿದ್ದಾಗ ಹೊಸ ಟಿಕೆಟ್ ಮಾರದಿರುವುದು, ಈ ಮೂರಕ್ಕೆ ಹೊಸ ಚಿಪ್ ಬರುವವರೆಗೆ ಕಾಯಬೇಕಿಲ್ಲ. ಅವು ಬಿಡುಗಡೆಗೆ ಮೊದಲೇ ಸಿದ್ಧವಾಗಿರಬೇಕು.